ನಾಯಿಗಳ ಆಹಾರ ಪದ್ಧತಿಗಳು: ಹಸಿ ಮಾಂಸ, ಮನೆಯ ಅಡುಗೆ ಮತ್ತು ಒಣ ಸಿದ್ಧ ಆಹಾರ

ಸಾಕುನಾಯಿಗಳಿಗೆ ನೀಡುವ ಆಹಾರವನ್ನು ಸ್ಥೂಲವಾಗಿ ಮೂರು ಪದ್ಧತಿಗಳಾಗಿ ವಿಂಗಡಿಸಬಹುದು. ಬೇಯಿಸದ ಮಾಂಸ, ಮೂಳೆ ಮತ್ತು ಅಂಗಾಂಗಗಳನ್ನು ಉಣಿಸುವುದು ಮೊದಲನೆಯದು. ಮನೆಯಲ್ಲಿ ಬೇಯಿಸಿದ ಅನ್ನ, ಮುದ್ದೆ, ಮಾಂಸ, ಮೊಟ್ಟೆ, ಮೊಸರು ಮುಂತಾದವುಗಳನ್ನು ನೀಡುವುದು ಎರಡನೆಯದು. ಕಾರ್ಖಾನೆಯಲ್ಲಿ ತಯಾರಾಗಿ ಚೀಲಗಳಲ್ಲಿ ಮಾರಾಟವಾಗುವ ಒಣ ಆಹಾರವು ಮೂರನೆಯದು. ಇದನ್ನು ‘ಕಿಬಲ್’ ಎಂದು ಕರೆಯುತ್ತಾರೆ; ಅಂಗಡಿಗಳಲ್ಲಿ ‘ಡಾಗ್ ಫುಡ್’ ಎಂಬ ಹೆಸರೇ ರೂಢಿಯಲ್ಲಿದೆ.

ಈ ಮೂರರ ತುಲನೆಯಲ್ಲಿ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಆಹಾರದಲ್ಲಿ ನಾಯಿಗೆ ಅಗತ್ಯವಾದ ಎಲ್ಲ ಪೋಷಕಾಂಶಗಳೂ ತಕ್ಕ ಪ್ರಮಾಣದಲ್ಲಿವೆಯೇ ಎಂಬುದು ಒಂದು. ಆ ಆಹಾರದಿಂದ ನಾಯಿಗೆ ಅಥವಾ ಮನೆಯ ಜನರಿಗೆ ಸೋಂಕು ತಗಲುವ ಸಂಭವವೆಷ್ಟು ಎಂಬುದು ಇನ್ನೊಂದು. ಒಂದು ಪ್ರಶ್ನೆಗೆ ಒಳ್ಳೆಯ ಉತ್ತರ ನೀಡುವ ಪದ್ಧತಿ ಇನ್ನೊಂದಕ್ಕೂ ಒಳ್ಳೆಯ ಉತ್ತರ ನೀಡುತ್ತದೆ ಎನ್ನುವಂತಿಲ್ಲ. ಬೇಯಿಸುವುದರಿಂದ ರೋಗಾಣುಗಳು ಸಾಯುತ್ತವೆ, ಆದರೆ ಇಲ್ಲದ ಕ್ಯಾಲ್ಸಿಯಂ ಹುಟ್ಟುವುದಿಲ್ಲ. ಹಸಿಯಾಗಿ ಕೊಟ್ಟರೆ ರೋಗಾಣುಗಳು ಉಳಿಯುತ್ತವೆ, ಪೋಷಣೆಯ ಕೊರತೆ ತಾನಾಗಿ ನೀಗುವುದೂ ಇಲ್ಲ.

## ಹಿನ್ನೆಲೆ

ಕೈಗಾರಿಕಾ ಆಹಾರ ಬರುವ ಮುನ್ನ ನಾಯಿಗಳು ಮನುಷ್ಯರ ಊಟದ ಉಳಿಕೆ, ಕಸಾಯಿಖಾನೆಯ ತ್ಯಾಜ್ಯ ಹಾಗೂ ತಾವೇ ಹುಡುಕಿಕೊಂಡ ಆಹಾರದಿಂದ ಬದುಕುತ್ತಿದ್ದವು. 1860ರ ದಶಕದಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ವ್ಯಾಪಾರಿ ಲಂಡನ್ನಿನಲ್ಲಿ ನಾಯಿಗಳಿಗೆಂದೇ ತಯಾರಿಸಿದ ಬಿಸ್ಕತ್ತುಗಳನ್ನು ಮಾರಾಟಕ್ಕೆ ತಂದನು. 1950ರ ದಶಕದಲ್ಲಿ ಅಮೆರಿಕದಲ್ಲಿ ಹಿಟ್ಟನ್ನು ಶಾಖ ಮತ್ತು ಒತ್ತಡದಲ್ಲಿ ಬೇಯಿಸಿ ಅಚ್ಚಿನ ಮೂಲಕ ಹೊರತಳ್ಳುವ ವಿಧಾನವು ನಾಯಿಯ ಆಹಾರಕ್ಕೆ ಅನ್ವಯವಾಯಿತು. ಇಂದಿನ ಒಣ ಆಹಾರ ಹುಟ್ಟಿದ್ದು ಈ ವಿಧಾನದಿಂದ.

ಇದಕ್ಕೆ ಪ್ರತಿಯಾಗಿ 1993ರಲ್ಲಿ ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ತಮ್ಮ ‘ಗಿವ್ ಯುವರ್ ಡಾಗ್ ಎ ಬೋನ್’ ಎಂಬ ಪುಸ್ತಕದಲ್ಲಿ ಹಸಿ ಮಾಂಸ ಹಾಗೂ ಹಸಿ ಮೂಳೆಗಳನ್ನು ಆಧರಿಸಿದ ಆಹಾರವನ್ನು ಪ್ರತಿಪಾದಿಸಿದರು. ‘ಬಾರ್ಫ್’ ಎಂದು ಹೆಸರಾದ ಈ ಪದ್ಧತಿಯು ನಾಯಿಯ ಪೂರ್ವಜವಾದ ತೋಳದ ಆಹಾರವನ್ನು ಮಾದರಿಯಾಗಿ ಇಟ್ಟುಕೊಂಡಿದೆ.

ಕರ್ನಾಟಕದ ಮನೆಗಳಲ್ಲಿ ಹಿಂದಿನಿಂದ ನಡೆದು ಬಂದಿರುವುದು ಎರಡನೆಯ ಪದ್ಧತಿ. ಮನೆಯವರು ಉಣ್ಣುವ ಅನ್ನ ಅಥವಾ ರಾಗಿಮುದ್ದೆಯನ್ನು ಹಾಲು, ಮೊಸರು ಇಲ್ಲವೇ ಮಾಂಸದ ಸಾರಿನೊಡನೆ ಕಲಸಿ ಹಾಕುವುದು ಇದರ ಸಾಮಾನ್ಯ ರೂಪವಾಗಿದೆ.

## ನಾಯಿ ಮತ್ತು ತೋಳ

ನಾಯಿಯು ತೋಳದ ವಂಶಕ್ಕೆ ಸೇರಿದ್ದರೂ ಅದರ ಜೀರ್ಣಶಕ್ತಿ ತೋಳದಂತೆಯೇ ಉಳಿದಿಲ್ಲ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಎರಡೂ ಪ್ರಾಣಿಗಳ ವಂಶವಾಹಿಗಳನ್ನು ಹೋಲಿಸಿತು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿಯು ತೋಳದಲ್ಲಿ ಸಾಮಾನ್ಯವಾಗಿ ಎರಡು ಪ್ರತಿಗಳಲ್ಲಿದ್ದರೆ, ಹೆಚ್ಚಿನ ನಾಯಿಗಳಲ್ಲಿ ಅದರ ಹಲವು ಪಟ್ಟು ಪ್ರತಿಗಳು ಕಂಡುಬಂದವು. ಮನುಷ್ಯನ ಜೊತೆ ಬಾಳುತ್ತ ನಾಯಿಯು ಧಾನ್ಯದ ಆಹಾರಕ್ಕೆ ಹೊಂದಿಕೊಂಡಿದೆ ಎಂಬುದು ಇದರ ಸಾರಾಂಶ. ಬೇಯಿಸಿದ ಅನ್ನವನ್ನು ನಾಯಿ ಚೆನ್ನಾಗಿಯೇ ಜೀರ್ಣಿಸಿಕೊಳ್ಳುತ್ತದೆ. ಆದ್ದರಿಂದ ಧಾನ್ಯವು ನಾಯಿಗೆ ಒಗ್ಗುವುದೇ ಇಲ್ಲ ಎಂಬ ವಾದಕ್ಕೆ ಆಧಾರವಿಲ್ಲ.

ಆಹಾರವನ್ನು ಅಳೆಯಲು ಬಳಕೆಯಲ್ಲಿರುವ ಮುಖ್ಯ ಮಾನದಂಡಗಳು ಎರಡು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2006ರಲ್ಲಿ ಪ್ರಕಟಿಸಿದ ನಾಯಿ ಮತ್ತು ಬೆಕ್ಕುಗಳ ಪೋಷಕಾಂಶ ಪಟ್ಟಿ ಒಂದು. ಅದೇ ದೇಶದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಒಕ್ಕೂಟವಾದ ‘ಆಫ್ಕೊ’ದ ಪಟ್ಟಿ ಇನ್ನೊಂದು. ಇವು ಪೋಷಕಾಂಶಗಳ ಪ್ರಮಾಣವನ್ನು ಪ್ರತಿ 1000 ಕಿಲೋಕ್ಯಾಲೊರಿಗೆ ಇಷ್ಟು ಎಂದು ಸೂಚಿಸುತ್ತವೆ. ನಾಯಿ ತಿನ್ನುವ ಒಟ್ಟು ಆಹಾರವನ್ನು ನಿರ್ಧರಿಸುವುದು ಅದರ ಶಕ್ತಿಯ ಅಗತ್ಯವೇ ಆಗಿರುವುದರಿಂದ ಈ ಕ್ರಮವು ಅನುಕೂಲಕರವಾಗಿದೆ.

## ಮನೆಯಲ್ಲಿ ಬೇಯಿಸಿದ ಆಹಾರ

ಮನೆಯ ಅಡುಗೆಯ ದೊಡ್ಡ ಗುಣವೆಂದರೆ ಸೋಂಕಿನ ಭಯ ಕಡಿಮೆ. ಕೋಳಿಮಾಂಸದ ಒಳಭಾಗವು 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಸಾಲ್ಮೊನೆಲ್ಲಾ, ಇ. ಕೋಲೈ, ಲಿಸ್ಟೀರಿಯಾ ಮುಂತಾದ ಬ್ಯಾಕ್ಟೀರಿಯಾಗಳು ನಾಶವಾಗುತ್ತವೆ. ಪರಾವಲಂಬಿ ಜೀವಿಗಳ ಕೋಶಗಳೂ ಉಳಿಯುವುದಿಲ್ಲ. ತೊಂದರೆ ಇರುವುದು ಪೋಷಣೆಯ ಕಡೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು 2013ರಲ್ಲಿ ಪುಸ್ತಕಗಳು ಹಾಗೂ ಜಾಲತಾಣಗಳಿಂದ 200 ಪಾಕವಿಧಾನಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಇವೆಲ್ಲವೂ ಆರೋಗ್ಯವಂತ ವಯಸ್ಕ ನಾಯಿಗಳಿಗೆಂದು ಬರೆದವು. ಅವುಗಳಲ್ಲಿ 190, ಎಂದರೆ ನೂರಕ್ಕೆ 95ರಷ್ಟು, ಕನಿಷ್ಠ ಒಂದು ಅಗತ್ಯ ಪೋಷಕಾಂಶದಲ್ಲಿ ಕೊರತೆ ಹೊಂದಿದ್ದವು. ನೂರಕ್ಕೆ 80ಕ್ಕಿಂತ ಹೆಚ್ಚಿನವುಗಳಲ್ಲಿ ಒಂದಕ್ಕಿಂತ ಹೆಚ್ಚು ಕೊರತೆಗಳಿದ್ದವು. ಪಶುವೈದ್ಯರೇ ಬರೆದ ಪಾಕವಿಧಾನಗಳೂ ಇದಕ್ಕೆ ಹೊರತಾಗಿರಲಿಲ್ಲ. ಸತು, ಕೋಲಿನ್, ತಾಮ್ರ, ಮೀನೆಣ್ಣೆಯಲ್ಲಿರುವ ಬಗೆಯ ಕೊಬ್ಬಿನಾಮ್ಲಗಳು ಹಾಗೂ ಕ್ಯಾಲ್ಸಿಯಂ ಮೇಲಿಂದ ಮೇಲೆ ಕಡಿಮೆಬಿದ್ದ ಅಂಶಗಳಾಗಿದ್ದವು.

### ಒಂದು ಲೆಕ್ಕ: ಅನ್ನ ಮತ್ತು ಕೋಳಿಮಾಂಸ

ಕೊರತೆ ಹೇಗೆ ಉಂಟಾಗುತ್ತದೆ ಎಂಬುದನ್ನು ಸಾಮಾನ್ಯವಾದ ಒಂದು ಊಟದ ಲೆಕ್ಕದಿಂದ ತಿಳಿಯಬಹುದು. ಮನೆಯೊಳಗೆ ಬೆಳೆಯುವ 10 ಕಿಲೋಗ್ರಾಂ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಬೇಕು ಎಂದಿಟ್ಟುಕೊಳ್ಳೋಣ. ಸಂಶೋಧನಾ ಮಂಡಳಿಯ ಶಿಫಾರಸಿನಂತೆ 1000 ಕಿಲೋಕ್ಯಾಲೊರಿಗೆ 1 ಗ್ರಾಂ ಕ್ಯಾಲ್ಸಿಯಂ ಹಾಗೂ 0.75 ಗ್ರಾಂ ರಂಜಕ ಇರಬೇಕು. ಅಂದರೆ ಈ ನಾಯಿಗೆ ದಿನಕ್ಕೆ 600 ಮಿಲಿಗ್ರಾಂ ಕ್ಯಾಲ್ಸಿಯಂ, 450 ಮಿಲಿಗ್ರಾಂ ರಂಜಕ ಅಗತ್ಯ.

ಮೂಳೆ ತೆಗೆದ, ಬೇಯಿಸಿದ 150 ಗ್ರಾಂ ಕೋಳಿಯ ಎದೆಭಾಗದ ಮಾಂಸ ಮತ್ತು 270 ಗ್ರಾಂ ಅನ್ನವನ್ನು ಕಲಸಿ ಕೊಟ್ಟರೆ ಶಕ್ತಿಯ ಲೆಕ್ಕ ಸರಿಹೋಗುತ್ತದೆ. ಮಾಂಸದಿಂದ ಸುಮಾರು 250, ಅನ್ನದಿಂದ ಸುಮಾರು 350 ಕಿಲೋಕ್ಯಾಲೊರಿ ದೊರೆಯುತ್ತದೆ. ಪ್ರೋಟೀನೂ ಸಾಕಷ್ಟಿರುತ್ತದೆ. ರಂಜಕವು 450 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಆದರೆ ಕ್ಯಾಲ್ಸಿಯಂ ಮಾಂಸದಲ್ಲಿ ಸುಮಾರು 22 ಮಿಲಿಗ್ರಾಂ, ಅನ್ನದಲ್ಲಿ ಸುಮಾರು 27 ಮಿಲಿಗ್ರಾಂ ಮಾತ್ರ. ಒಟ್ಟು 50 ಮಿಲಿಗ್ರಾಂ ಮುಟ್ಟುವುದೂ ಕಷ್ಟ. ಇದು ಅಗತ್ಯದ ಹನ್ನೆರಡನೆಯ ಒಂದು ಪಾಲು. ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿ ಅಥವಾ ಅದಕ್ಕಿಂತ ತುಸು ಹೆಚ್ಚಾಗಿ ಇರಬೇಕಾದ ಕಡೆ, ಇಲ್ಲಿ ರಂಜಕವೇ ಒಂಬತ್ತು ಪಟ್ಟು ಹೆಚ್ಚಾಗಿದೆ.

ಅನ್ನದ ಬದಲು ರಾಗಿ ಬಳಸಿದರೆ ಚಿತ್ರ ಬಹಳಷ್ಟು ಬದಲಾಗುತ್ತದೆ. ರಾಗಿಯ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅನ್ನದಷ್ಟೇ ಶಕ್ತಿ ಕೊಡುವ 110 ಗ್ರಾಂ ಹಿಟ್ಟಿನ ಮುದ್ದೆ ಮಾಡಿದರೆ, ಮಾಂಸವೂ ಸೇರಿ ಒಟ್ಟು 400 ಮಿಲಿಗ್ರಾಮಿಗೆ ಏರುತ್ತದೆ. ಆದರೂ ಅದು 600 ಆಗುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಮತ್ತು ಆಕ್ಸಲೇಟ್‌ಗಳು ಕ್ಯಾಲ್ಸಿಯಂನ ಒಂದು ಭಾಗವನ್ನು ಕರುಳಿನಲ್ಲಿಯೇ ಹಿಡಿದಿಡುವುದರಿಂದ ದೇಹಕ್ಕೆ ಸೇರುವುದು ಇನ್ನೂ ಕಡಿಮೆ. ಮೊಸರಿನಲ್ಲಿ 100 ಗ್ರಾಮಿಗೆ 120ರಿಂದ 150 ಮಿಲಿಗ್ರಾಂ ಇರುತ್ತದೆ. ಅನ್ನದ ಊಟದ ಕೊರತೆಯನ್ನು ಮೊಸರೊಂದರಿಂದಲೇ ತುಂಬಬೇಕಾದರೆ ಈ ಚಿಕ್ಕ ನಾಯಿಗೆ ದಿನವೂ ಸುಮಾರು 400 ಗ್ರಾಂ ಮೊಸರು ಬೇಕಾಗುತ್ತದೆ.

ಸುಲಭವಾದ ಪರಿಹಾರ ಮೊಟ್ಟೆಯ ಚಿಪ್ಪು. ಕುದಿಸಿ, ಒಣಗಿಸಿ, ನಯವಾಗಿ ಪುಡಿಮಾಡಿದ ಚಿಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 38ರಷ್ಟು ಕ್ಯಾಲ್ಸಿಯಂ ಇರುತ್ತದೆ. ಮೇಲಿನ ಊಟದ ಕೊರತೆಯಾದ 550 ಮಿಲಿಗ್ರಾಂ ತುಂಬಲು ಒಂದೂವರೆ ಗ್ರಾಂ ಪುಡಿ, ಅಂದರೆ ಕಾಲು ಚಮಚದಷ್ಟು, ಸಾಕು.

ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ಅದೇ ಊಟದಲ್ಲಿ ಸತುವು ಸುಮಾರು 3 ಮಿಲಿಗ್ರಾಂ ಇರುತ್ತದೆ. ಬೇಕಾದುದು 9 ಮಿಲಿಗ್ರಾಂ. ಚಿಪ್ಪಿನ ಪುಡಿಯಿಂದ ಇದು ಸರಿಹೋಗುವುದಿಲ್ಲ. ಕ್ಯಾಲ್ಸಿಯಂ ಅತಿಯಾದರೆ ಸತುವಿನ ಹೀರಿಕೆ ಮತ್ತಷ್ಟು ಕುಗ್ಗುತ್ತದೆ. ಅಯೋಡಿನ್, ತಾಮ್ರ, ಡಿ ಮತ್ತು ಇ ಜೀವಸತ್ವಗಳಿಗೂ ಬೇರೆ ಮೂಲಗಳು ಬೇಕು. ಹೀಗಾಗಿ ಮನೆಯ ಆಹಾರವನ್ನು ಪೂರ್ಣಗೊಳಿಸಲು ಆ ಪಾಕವಿಧಾನಕ್ಕೆಂದೇ ಲೆಕ್ಕಹಾಕಿದ ಖನಿಜ ಹಾಗೂ ಜೀವಸತ್ವಗಳ ಮಿಶ್ರಣವನ್ನು ಸೇರಿಸುವುದು ರೂಢಿಯ ವಿಧಾನವಾಗಿದೆ. ಪಾಕವಿಧಾನದಲ್ಲಿರುವ ಒಂದು ಪದಾರ್ಥವನ್ನು ಮನಬಂದಂತೆ ಬದಲಿಸಿದರೂ ಹಳೆಯ ಲೆಕ್ಕ ಅನ್ವಯಿಸುವುದಿಲ್ಲ.

ಮನೆಯವರಿಗಾಗಿ ಮಾಡಿದ ಸಾರು, ಪಲ್ಯಗಳನ್ನು ಹಾಗೆಯೇ ಹಾಕುವುದರಲ್ಲಿ ಇನ್ನೊಂದು ಅಪಾಯವಿದೆ. ಈರುಳ್ಳಿ ಮತ್ತು ಬೆಳ್ಳುಳ್ಳಿಗಳು ಬೆಂದ ಮೇಲೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡಬಲ್ಲವು. ಆದ್ದರಿಂದ ನಾಯಿಯ ಪಾಲನ್ನು ಒಗ್ಗರಣೆಗೆ ಮುಂಚೆಯೇ ಬೇರೆ ತೆಗೆದಿಡಬೇಕಾಗುತ್ತದೆ.

### ಕೊರತೆಯ ಪರಿಣಾಮ ಮತ್ತು ಗುರುತು

ಕ್ಯಾಲ್ಸಿಯಂ ಕಡಿಮೆಯಾದಾಗ ರಕ್ತದಲ್ಲಿ ಅದರ ಮಟ್ಟವನ್ನು ಕಾಯ್ದುಕೊಳ್ಳಲು ಪ್ಯಾರಾಥೈರಾಯ್ಡ್ ಗ್ರಂಥಿಗಳು ಹೆಚ್ಚು ಹಾರ್ಮೋನು ಸ್ರವಿಸುತ್ತವೆ. ಈ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಕರಗಿಸಿ ರಕ್ತಕ್ಕೆ ತರುತ್ತದೆ. ಇದರಿಂದಾಗಿ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಮಟ್ಟವು ಬಹುಕಾಲ ಸರಿಯಾಗಿಯೇ ಕಾಣುತ್ತದೆ, ಒಳಗೆ ಮೂಳೆಗಳು ಮಾತ್ರ ತೆಳುವಾಗುತ್ತ ಹೋಗುತ್ತವೆ. ಕ್ಷ-ಕಿರಣ ಚಿತ್ರದಲ್ಲಿ ಮೂಳೆಯ ಹೊರಪದರ ತೆಳುವಾಗಿ, ಮಸುಕಾಗಿ ತೋರುವ ಹೊತ್ತಿಗೆ ಖನಿಜದ ಗಣನೀಯ ಭಾಗ ನಷ್ಟವಾಗಿರುತ್ತದೆ.

ವಯಸ್ಕ ನಾಯಿಯಲ್ಲಿ ಇದು ತಿಂಗಳುಗಟ್ಟಲೆ ಗೋಚರಿಸದೆ ಇರಬಹುದು. ಮರಿಗಳಲ್ಲಿ ಬೇಗನೆ ತೋರುತ್ತದೆ. ಮಾಂಸ ಮತ್ತು ಅನ್ನವನ್ನಷ್ಟೇ ತಿಂದು ಬೆಳೆಯುವ ಮರಿಯು ಆಡಲು ಹಿಂಜರಿಯುವುದು, ಕುಂಟುವುದು, ಕಾಲು ಬಾಗುವುದು, ಸಣ್ಣ ಜಿಗಿತಕ್ಕೇ ಮೂಳೆ ಮುರಿದುಕೊಳ್ಳುವುದು ಇದರ ಲಕ್ಷಣಗಳು. ಸಮತೋಲಿತ ಆಹಾರ ಮತ್ತು ವಿಶ್ರಾಂತಿ ದೊರೆತರೆ ಮೂಳೆಗಳು ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತವೆಯಾದರೂ, ಬೆನ್ನುಮೂಳೆ ಅಥವಾ ಸೊಂಟದ ಮೂಳೆ ಬಾಗಿದ್ದರೆ ಅದು ಹಾಗೆಯೇ ಉಳಿಯಬಹುದು. ಸತುವಿನ ಕೊರತೆ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ: ಕಣ್ಣು ಮತ್ತು ಬಾಯಿಯ ಸುತ್ತ ಹಕ್ಕಳೆ ಕಟ್ಟುತ್ತದೆ, ಅಂಗಾಲು ಬಿರುಸಾಗುತ್ತದೆ.

ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಹೆಚ್ಚಾದರೂ ಹಾನಿಯೇ. ಚಿಕ್ಕ ವಯಸ್ಸಿನಲ್ಲಿ ಕರುಳು ತನಗೆ ಬೇಕಾದಷ್ಟನ್ನೇ ಹೀರಿ ಉಳಿದುದನ್ನು ಬಿಡುವ ಶಕ್ತಿಯನ್ನು ಪೂರ್ಣವಾಗಿ ಪಡೆದಿರುವುದಿಲ್ಲ. ಸಮತೋಲಿತ ಆಹಾರದ ಮೇಲೆ ಕ್ಯಾಲ್ಸಿಯಂ ಟಾನಿಕ್ ಹಾಕುವುದು ಈ ಮರಿಗಳ ಮೂಳೆ ಹಾಗೂ ಕೀಲುಗಳ ಬೆಳವಣಿಗೆಯನ್ನು ಕೆಡಿಸುತ್ತದೆ.

## ಹಸಿ ಮಾಂಸದ ಆಹಾರ

### ಪೋಷಣೆ

ಹಸಿ ಮಾಂಸದೊಡನೆ ಮೂಳೆಯನ್ನೂ ಕೊಡುವುದರಿಂದ ಕ್ಯಾಲ್ಸಿಯಂ ಕೊರತೆ ಅಷ್ಟಾಗಿ ಬಾರದು ಎಂಬುದು ಈ ಪದ್ಧತಿಯವರ ನಿಲುವು. ಆದರೆ ಪ್ರಮಾಣವನ್ನು ಅಳೆಯದೆ ಕೊಟ್ಟಾಗ ಇಲ್ಲಿಯೂ ಏರುಪೇರು ಸಾಮಾನ್ಯ. ಜರ್ಮನಿಯಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವು ವಯಸ್ಕ ನಾಯಿಗಳಿಗೆ ನೀಡುತ್ತಿದ್ದ 95 ಬಗೆಯ ಹಸಿ ಆಹಾರಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನೂರಕ್ಕೆ 60ರಷ್ಟರಲ್ಲಿ ಒಂದಲ್ಲ ಒಂದು ಅಸಮತೋಲನವಿತ್ತು. ಯಕೃತ್ತು ಹೆಚ್ಚಾದರೆ ಎ ಜೀವಸತ್ವ ಅತಿಯಾಗುತ್ತದೆ. ಥೈರಾಯ್ಡ್ ಗ್ರಂಥಿಯ ಚೂರುಗಳಿರುವ ಗಂಟಲಿನ ಮಾಂಸವನ್ನು ತಿಂದ ನಾಯಿಗಳಲ್ಲಿ ಥೈರಾಯ್ಡ್ ಹಾರ್ಮೋನು ಏರಿದ ಪ್ರಕರಣಗಳೂ ದಾಖಲಾಗಿವೆ. ಬೆಂದ ಮೂಳೆಯಷ್ಟು ಸುಲಭವಾಗಿ ಹಸಿ ಮೂಳೆ ಸೀಳುವುದಿಲ್ಲವಾದರೂ ಹಲ್ಲು ಮುರಿಯುವುದು, ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದು ಅದರಿಂದಲೂ ಆಗುತ್ತದೆ.

ಹಸಿ ಮಾಂಸವು ಸಾಮಾನ್ಯವಾಗಿ ಒಣ ಆಹಾರಕ್ಕಿಂತ ಹೆಚ್ಚು ಜೀರ್ಣವಾಗುತ್ತದೆ, ಮಲದ ಪ್ರಮಾಣ ಕಡಿಮೆಯಾಗುತ್ತದೆ ಎಂಬುದು ನಿಜ. ಮರಿಯಾಗಿದ್ದಾಗ ಹಸಿ ಆಹಾರ ತಿಂದ ನಾಯಿಗಳಲ್ಲಿ ಚರ್ಮದ ಅಲರ್ಜಿ ಕಡಿಮೆ ಎಂದು ಫಿನ್ಲೆಂಡಿನಲ್ಲಿ ಪ್ರಶ್ನಾವಳಿಯ ಮೂಲಕ ನಡೆದ ಸಂಶೋಧನೆಗಳು ಸೂಚಿಸಿವೆ. ಆದರೆ ಇಂಥ ಮಾಹಿತಿ ಮಾಲೀಕರ ನೆನಪನ್ನು ಅವಲಂಬಿಸಿರುತ್ತದೆ. ಹಸಿ ಆಹಾರ ಆರಿಸುವ ಮನೆಗಳು ಬೇರೆ ಅನೇಕ ವಿಷಯಗಳಲ್ಲೂ ಭಿನ್ನವಾಗಿರಬಹುದು. ಹಾಗಾಗಿ ಅಲರ್ಜಿ ಕಡಿಮೆಯಾದುದಕ್ಕೆ ಆಹಾರವೇ ಕಾರಣವೆಂದು ಇವುಗಳಿಂದ ಸಿದ್ಧವಾಗುವುದಿಲ್ಲ.

### ಬ್ಯಾಕ್ಟೀರಿಯಾ ಸೋಂಕು

ಹಸಿ ಆಹಾರದ ವಿರುದ್ಧ ಇರುವ ಗಟ್ಟಿಯಾದ ಪುರಾವೆ ಸೋಂಕಿಗೆ ಸಂಬಂಧಿಸಿದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಿಂದ 2012ರವರೆಗೆ ಸಾಕುಪ್ರಾಣಿಗಳ ಆಹಾರವನ್ನು ಪರೀಕ್ಷಿಸಿದಾಗ, ಹಸಿ ಆಹಾರದ 196 ಮಾದರಿಗಳ ಪೈಕಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಮನುಷ್ಯರಿಗೆ ರೋಗ ತರುವ ಲಿಸ್ಟೀರಿಯಾ ದೊರೆತವು. ನೆದರ್ಲೆಂಡ್ಸ್‌ನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವು ಅಂಗಡಿಗಳಲ್ಲಿ ದೊರೆಯುವ ಹೆಪ್ಪುಗಟ್ಟಿಸಿದ 35 ಹಸಿ ಮಾಂಸದ ಉತ್ಪನ್ನಗಳನ್ನು ಪರೀಕ್ಷಿಸಿತು. 7ರಲ್ಲಿ ಸಾಲ್ಮೊನೆಲ್ಲಾ, 19ರಲ್ಲಿ ಲಿಸ್ಟೀರಿಯಾ ಇದ್ದವು. ಹಲವು ಪ್ರತಿಜೀವಕ ಔಷಧಗಳಿಗೆ ಬಗ್ಗದ ಇ. ಕೋಲೈ 28 ಉತ್ಪನ್ನಗಳಲ್ಲಿ ಕಂಡುಬಂದಿತು.

ಇವೆಲ್ಲ ಹೆಪ್ಪುಗಟ್ಟಿಸಿದ ಉತ್ಪನ್ನಗಳಾಗಿದ್ದುದು ಗಮನಾರ್ಹ. ಫ್ರೀಜರ್ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ, ಅವನ್ನು ಕೊಲ್ಲುವುದಿಲ್ಲ. ಲಿಸ್ಟೀರಿಯಾ ಅಂತೂ ಫ್ರಿಜ್‌ನ ತಂಪಿನಲ್ಲಿಯೂ ಬೆಳೆಯಬಲ್ಲದು.

ಕಲುಷಿತ ಮಾಂಸ ತಿಂದ ನಾಯಿಗೆ ಹಲವು ಸಲ ಏನೂ ಆಗುವುದಿಲ್ಲ. ತೊಂದರೆ ಅಡಗಿರುವುದೂ ಇಲ್ಲಿಯೇ. ಕೆನಡಾದಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 16 ನಾಯಿಗಳಿಗೆ ಸಾಲ್ಮೊನೆಲ್ಲಾ ಇದ್ದ ಹಸಿ ಆಹಾರವನ್ನು ಕೊಡಲಾಯಿತು. ಒಂದಕ್ಕೂ ರೋಗಲಕ್ಷಣ ಕಾಣಿಸಲಿಲ್ಲ. ಆದರೆ 7 ನಾಯಿಗಳು ಒಂದರಿಂದ ಏಳು ದಿನಗಳವರೆಗೆ ಮಲದಲ್ಲಿ ಆ ಬ್ಯಾಕ್ಟೀರಿಯಾವನ್ನು ಹೊರಹಾಕಿದವು. ‘ನಮ್ಮ ನಾಯಿ ವರ್ಷಗಳಿಂದ ಹಸಿ ಮಾಂಸ ತಿಂದು ಆರೋಗ್ಯವಾಗಿದೆ’ ಎಂಬ ಅನುಭವವು ನಾಯಿಯ ವಿಷಯದಲ್ಲಿ ನಿಜವಿರಬಹುದು, ಮನೆಯ ಮಗುವಿನ ವಿಷಯದಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ದೇಶದ ಇನ್ನೊಂದು ಪ್ರಯೋಗದಲ್ಲಿ, ಕಲುಷಿತ ಮಾಂಸ ಹಾಕಿದ ತಟ್ಟೆಗಳನ್ನು ಸಾಬೂನು, ಬ್ಲೀಚು ಅಥವಾ ಪಾತ್ರೆ ತೊಳೆಯುವ ಯಂತ್ರದಿಂದ ಸ್ವಚ್ಛಮಾಡಿದರೂ ಎಲ್ಲ ತಟ್ಟೆಗಳಿಂದ ಸಾಲ್ಮೊನೆಲ್ಲಾ ಹೋಗಲಿಲ್ಲ.

ಮನುಷ್ಯರಿಗೆ ರೋಗ ತಗಲಿದ ಸ್ಪಷ್ಟ ಪ್ರಕರಣವೊಂದು 2017ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಇ. ಕೋಲೈ ಒ157 ಎಂಬ ವಿಷಕಾರಿ ಬಗೆಯಿಂದ ನಾಲ್ವರು ರೋಗಕ್ಕೆ ತುತ್ತಾಗಿ ಒಬ್ಬರು ಸತ್ತರು. ಬ್ಯಾಕ್ಟೀರಿಯಾದ ಪೂರ್ಣ ವಂಶವಾಹಿ ವಿಶ್ಲೇಷಣೆಯಿಂದ ಈ ನಾಲ್ಕೂ ಪ್ರಕರಣಗಳು ಒಂದೇ ಮೂಲದವು ಎಂದು ತಿಳಿಯಿತು. ನಾಲ್ವರಲ್ಲಿ ಮೂವರು ಹಸಿ ಆಹಾರ, ವಿಶೇಷವಾಗಿ ದನದ ಜಠರದ ಮಾಂಸ, ತಿನ್ನುತ್ತಿದ್ದ ನಾಯಿಗಳ ಸಂಪರ್ಕದಲ್ಲಿದ್ದರು.

### ಹೈಡಾಟಿಡ್ ರೋಗ

ಭಾರತದಲ್ಲಿ ಹಸಿ ಆಹಾರ ಎಂದರೆ ಹೆಚ್ಚಾಗಿ ಮಾಂಸದಂಗಡಿಯಿಂದ ತಂದ, ಮಾರಾಟವಾಗದೆ ಉಳಿದ ಶ್ವಾಸಕೋಶ, ಯಕೃತ್ತು ಮುಂತಾದ ಅಂಗಗಳು. ಕುರಿ, ಆಡು, ದನ, ಎಮ್ಮೆಗಳ ಈ ಅಂಗಗಳಲ್ಲಿ ಎಕಿನೊಕಾಕಸ್ ಎಂಬ ಲಾಡಿಹುಳುವಿನ ನೀರ್ಗುಳ್ಳೆಗಳಿರಬಹುದು. ಅವನ್ನು ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬೆಳೆದು, ಆರೇಳು ವಾರಗಳ ಅನಂತರ ಮಲದಲ್ಲಿ ಮೊಟ್ಟೆಗಳು ಹೊರಬೀಳುತ್ತವೆ. ನಾಯಿಗೆ ಯಾವ ಲಕ್ಷಣವೂ ಇರುವುದಿಲ್ಲ. ಹುಳುಗಳು ಕಣ್ಣಿಗೆ ಬೀಳುವುದೂ ಇಲ್ಲ.

ಮೊಟ್ಟೆಗಳು ಕೈ, ನೀರು ಅಥವಾ ಸೊಪ್ಪಿನ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತು ಇಲ್ಲವೇ ಶ್ವಾಸಕೋಶದಲ್ಲಿ ನೀರ್ಗುಳ್ಳೆ ಬೆಳೆಯುತ್ತದೆ. ಅದು ದೊಡ್ಡದಾಗಿ ನೋವು ಕೊಡುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಅನೇಕ ಸಲ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅಂಗಗಳನ್ನು ಚೆನ್ನಾಗಿ ಬೇಯಿಸಿ ಹಾಕುವುದು ಈ ಚಕ್ರವನ್ನು ಸಂಪೂರ್ಣವಾಗಿ ಕಡಿಯುತ್ತದೆ. ಹಸಿಯಾಗಿ ತಿನ್ನುವ ನಾಯಿಗೆ ಪ್ರಾಜಿಕ್ವಾಂಟೆಲ್ ಔಷಧವನ್ನು ನಿಯತವಾಗಿ ಕೊಡಬೇಕಾಗುತ್ತದೆ. ದುಂಡುಹುಳುವಿಗೆಂದು ಕೊಡುವ ಎಲ್ಲ ಜಂತುನಾಶಕಗಳೂ ಈ ಲಾಡಿಹುಳುವನ್ನು ಕೊಲ್ಲುವುದಿಲ್ಲ.

## ಒಣ ಸಿದ್ಧ ಆಹಾರ

ಒಣ ಆಹಾರದ ತಯಾರಿಕೆಯಲ್ಲಿ ಧಾನ್ಯ, ಮಾಂಸದ ಪುಡಿ, ಕೊಬ್ಬು, ಖನಿಜ ಹಾಗೂ ಜೀವಸತ್ವಗಳನ್ನು ಕಲಸಿ, ಯಂತ್ರದೊಳಗೆ 100 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಒತ್ತಡದಿಂದ ಬೇಯಿಸಲಾಗುತ್ತದೆ. ಶಾಖದಿಂದ ಥಯಾಮಿನ್‌ನಂಥ ಕೆಲವು ಜೀವಸತ್ವಗಳು ನಷ್ಟವಾಗುವುದರಿಂದ ತಯಾರಕರು ಅವನ್ನು ಮೊದಲೇ ಹೆಚ್ಚಾಗಿ ಸೇರಿಸಿರುತ್ತಾರೆ. ‘ಸಂಪೂರ್ಣ ಮತ್ತು ಸಮತೋಲಿತ’ ಎಂಬ ಘೋಷಣೆಯಿರುವ ಆಹಾರವು ಆಫ್ಕೊ ಅಥವಾ ಅಂಥ ಮತ್ತೊಂದು ಮಾನದಂಡವನ್ನು ಮುಟ್ಟಿರಬೇಕು. ಮರಿಗೋ ವಯಸ್ಕ ನಾಯಿಗೋ ಎಂಬುದೂ ಚೀಲದ ಮೇಲೆ ನಮೂದಾಗಿರಬೇಕು. ಭಾರತೀಯ ಮಾನಕ ಸಂಸ್ಥೆಯು ನಾಯಿ ಮತ್ತು ಬೆಕ್ಕಿನ ಆಹಾರಕ್ಕಾಗಿ ಐಎಸ್ 11968 ಎಂಬ ಮಾನದಂಡವನ್ನು ರೂಪಿಸಿದೆ.

ಈ ಪದ್ಧತಿಯಲ್ಲಿ ಮನೆಯವರು ಮಾಡಬಹುದಾದ ತಪ್ಪುಗಳು ಕಡಿಮೆ. ಆದರೆ ಕಾರ್ಖಾನೆಯಲ್ಲಿ ಆದ ಒಂದು ತಪ್ಪು ಸಾವಿರಾರು ನಾಯಿಗಳನ್ನು ಒಟ್ಟಿಗೆ ಮುಟ್ಟುತ್ತದೆ. 2007ರಲ್ಲಿ ಚೀನಾದಿಂದ ಬಂದ ಗೋಧಿಯ ಅಂಟಿನಲ್ಲಿ ಪ್ರೋಟೀನು ಹೆಚ್ಚೆಂದು ತೋರಿಸಲು ಮೆಲಮೈನ್ ಬೆರೆಸಲಾಗಿತ್ತು. ಅದು ಸಯನ್ಯೂರಿಕ್ ಆಮ್ಲದೊಡನೆ ಸೇರಿ ಮೂತ್ರಪಿಂಡಗಳಲ್ಲಿ ಹರಳು ಕಟ್ಟಿದುದರಿಂದ ಉತ್ತರ ಅಮೆರಿಕದಲ್ಲಿ ಅನೇಕ ನಾಯಿ, ಬೆಕ್ಕುಗಳು ಸತ್ತವು. ಡಿ ಜೀವಸತ್ವ ಅತಿಯಾದುದಕ್ಕೂ, ಜೋಳದಲ್ಲಿ ಬೂಷ್ಟಿನ ವಿಷ ಸೇರಿದುದಕ್ಕೂ ಒಣ ಆಹಾರವನ್ನು ಮಾರುಕಟ್ಟೆಯಿಂದ ಹಿಂಪಡೆದ ಉದಾಹರಣೆಗಳಿವೆ.

ಸೋಂಕಿನ ಅಪಾಯ ಕಡಿಮೆಯಾದರೂ ಸೊನ್ನೆಯಲ್ಲ. ಬೆಂದು ಒಣಗಿದ ಮೇಲೆ ಕಾಳುಗಳಿಗೆ ಕೊಬ್ಬು ಮತ್ತು ರುಚಿಕಾರಕಗಳನ್ನು ಸಿಂಪಡಿಸುತ್ತಾರೆ. ಇದರ ಅನಂತರ ಮತ್ತೆ ಶಾಖ ಕೊಡುವ ಹಂತವಿಲ್ಲ. 2006ರಿಂದ 2008ರವರೆಗೆ ಅಮೆರಿಕದಲ್ಲಿ ಒಣ ಆಹಾರದಿಂದ ಹರಡಿದ ಸಾಲ್ಮೊನೆಲ್ಲಾ ರೋಗದಲ್ಲಿ 79 ಜನರಿಗೆ ಸೋಂಕು ತಗಲಿತು. ಅವರಲ್ಲಿ ಅರ್ಧದಷ್ಟು ಎರಡು ವರ್ಷದೊಳಗಿನ ಮಕ್ಕಳು. ನಾಯಿಗೆ ಅಡುಗೆಮನೆಯಲ್ಲಿ ಊಟ ಹಾಕುವ ಮನೆಗಳಲ್ಲಿ ಮಕ್ಕಳಿಗೆ ಸೋಂಕು ಹೆಚ್ಚಾಗಿತ್ತು. ಚೀಲ ತೆರೆದ ಮೇಲೆ ಕೊಬ್ಬು ಗಾಳಿಗೆ ಕಮಟುತ್ತದೆ, ತೇವ ತಗಲಿದರೆ ಬೂಷ್ಟು ಹಿಡಿಯುತ್ತದೆ. ಕಮಟು ವಾಸನೆ ಬಂದರೆ ಅಥವಾ ನಾಯಿ ಇದ್ದಕ್ಕಿದ್ದಂತೆ ಹಳೆಯ ಚೀಲದ ಆಹಾರವನ್ನು ಮುಟ್ಟದಿದ್ದರೆ ಇದನ್ನು ಶಂಕಿಸಬೇಕಾಗುತ್ತದೆ.

ಧಾನ್ಯರಹಿತ ಎಂದು ಮಾರಾಟವಾಗುವ, ಬಟಾಣಿ ಮತ್ತು ಬೇಳೆಗಳು ಹೆಚ್ಚಾಗಿರುವ ಒಣ ಆಹಾರಕ್ಕೂ ಹೃದಯದ ಸ್ನಾಯು ಹಿಗ್ಗುವ ರೋಗಕ್ಕೂ ನಂಟಿರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ತನಿಖೆ ಆರಂಭಿಸಿತು. ಕಾರಣಸಂಬಂಧವನ್ನು ಸ್ಥಾಪಿಸಲು ದೊರೆತ ವರದಿಗಳು ಸಾಲವೆಂದು ಅದು 2022ರ ಕೊನೆಯಲ್ಲಿ ತಿಳಿಸಿತು.

## ತುಲನೆ ಮತ್ತು ಪುರಾವೆಯ ಮಿತಿ

ಸೋಂಕಿನ ದೃಷ್ಟಿಯಿಂದ ಪುರಾವೆ ಒಂದೇ ದಿಕ್ಕಿನಲ್ಲಿದೆ: ಹಸಿ ಮಾಂಸದಲ್ಲಿ ರೋಗಾಣುಗಳು ಮತ್ತೆಮತ್ತೆ ಕಂಡುಬಂದಿವೆ, ಬೇಯಿಸಿದುದರಲ್ಲಿ ಮತ್ತು ಒಣ ಆಹಾರದಲ್ಲಿ ವಿರಳ. ಅಮೆರಿಕದ ಪಶುವೈದ್ಯಕೀಯ ಸಂಘವು 2012ರಿಂದ ರೋಗಾಣುಗಳನ್ನು ಕೊಲ್ಲುವ ಸಂಸ್ಕರಣೆಗೆ ಒಳಪಡದ ಪ್ರಾಣಿಜನ್ಯ ಆಹಾರವನ್ನು ಕೊಡಬಾರದೆಂದು ಸಲಹೆ ಮಾಡುತ್ತ ಬಂದಿದೆ. ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು, ಕ್ಯಾನ್ಸರ್ ಚಿಕಿತ್ಸೆಯಂಥ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಇರುವ ಮನೆಗಳಲ್ಲಿ ಈ ಸಲಹೆಗೆ ಹೆಚ್ಚು ತೂಕವಿದೆ.

ಪೋಷಣೆಯ ದೃಷ್ಟಿಯಿಂದ ‘ಹಸಿ’ ಅಥವಾ ‘ಬೆಂದ’ ಎಂಬುದಕ್ಕಿಂತ ‘ಲೆಕ್ಕಹಾಕಿದ’ ಅಥವಾ ‘ಲೆಕ್ಕವಿಲ್ಲದ’ ಎಂಬ ಭೇದವೇ ಮುಖ್ಯ. ಲೆಕ್ಕಹಾಕಿ ಪೂರ್ಣಗೊಳಿಸಿದ ಮನೆಯ ಅಡುಗೆಯು ಉತ್ತಮ ಒಣ ಆಹಾರಕ್ಕೆ ಸಮನಾಗಬಲ್ಲದು. ಮೂತ್ರಪಿಂಡದ ರೋಗ, ಆಹಾರದ ಅಲರ್ಜಿ ಮುಂತಾದ ಸಂದರ್ಭಗಳಲ್ಲಿ ಪಶುವೈದ್ಯರು ಮನೆಯ ಅಡುಗೆಯನ್ನೇ ಸೂಚಿಸುವುದೂ ಉಂಟು. ಬೆಳೆಯುವ ಮರಿಗಳಲ್ಲಿ ಮಾತ್ರ ತಪ್ಪಿಗೆ ಅವಕಾಶ ಕಡಿಮೆ.

ಈ ಮೂರು ಪದ್ಧತಿಗಳಲ್ಲಿ ಯಾವುದರಿಂದ ನಾಯಿ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು ಜೀವಮಾನದುದ್ದಕ್ಕೂ ಹೋಲಿಸಿ ತೀರ್ಮಾನಿಸಿದ ನಿಯಂತ್ರಿತ ಪ್ರಯೋಗವಿಲ್ಲ. ಹುಟ್ಟಿನಿಂದ ಸಾವಿನವರೆಗೆ ನಡೆದ ಪ್ರಸಿದ್ಧ ಪ್ರಯೋಗವೊಂದು ಆಹಾರದ ಬಗೆಯನ್ನಲ್ಲ, ಪ್ರಮಾಣವನ್ನು ಕುರಿತದ್ದು. ಸಾಕುಪ್ರಾಣಿಗಳ ಆಹಾರ ತಯಾರಿಸುವ ಸಂಸ್ಥೆಯೊಂದು ನಡೆಸಿ 2002ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ 48 ಲ್ಯಾಬ್ರಡಾರ್ ನಾಯಿಗಳಿದ್ದವು. ಒಂದೇ ಆಹಾರವನ್ನು ತಮ್ಮ ಜೊತೆಗಾರ ನಾಯಿಗಳಿಗಿಂತ ನೂರಕ್ಕೆ 25ರಷ್ಟು ಕಡಿಮೆ ತಿಂದ ಗುಂಪಿನ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದ ಗುಂಪಿನದು 11.2 ವರ್ಷ. ಕಡಿಮೆ ತಿಂದ ನಾಯಿಗಳಲ್ಲಿ ಕೀಲುನೋವು ಮುಂತಾದ ದೀರ್ಘಕಾಲದ ಕಾಯಿಲೆಗಳಿಗೂ ಚಿಕಿತ್ಸೆ ತಡವಾಗಿ ಬೇಕಾಯಿತು.